ಉಚಿತ ಕ್ಲಿನಿಕ್ ಉದ್ಘಾಟನೆಯ ಭಾಷಣ: ರೋಗಿ ನಡೆಯುವ ದಾರಿಯಲ್ಲೇ ಬರೆಯುವ ಕ್ರಮ

ಉಚಿತ ಕ್ಲಿನಿಕ್ಕಿನ ಉದ್ಘಾಟನೆಯ ದಿನ ವೇದಿಕೆಯ ಮೇಲೆ ಆಡಿದ ಪ್ರತಿಯೊಂದು ಮಾತೂ ಮರುದಿನ ಹೆಸರು ಬರೆಸುವ ಮೇಜಿನ ಮುಂದೆ ಪ್ರಶ್ನೆಯಾಗಿ ಬಂದು ನಿಲ್ಲುತ್ತದೆ. "ಎಲ್ಲ ಔಷಧಿಯೂ ಪುಕ್ಕಟೆ ಅಂದಿದ್ರಲ್ಲ?", "ಯಾವಾಗ ಬೇಕಾದರೂ ಬನ್ನಿ ಅಂದಿದ್ರಲ್ಲ?" ಎಂದು ಕೇಳುವವರದು ತಪ್ಪಲ್ಲ. ಕೇಳಿಸಿಕೊಂಡದ್ದನ್ನು ನಂಬಿ ಬಂದಿರುತ್ತಾರೆ. ಆ ಮೇಜಿನ ಹಿಂದೆ ಕೂತ ಸ್ವಯಂಸೇವಕರೊಬ್ಬರು, ತಾವು ಆಡದ ಮಾತಿಗೆ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಈ ಭಾಷಣವನ್ನು ಸಮಾರಂಭದ ಭಾಷಣ ಎಂದುಕೊಳ್ಳದೆ, ಕ್ಲಿನಿಕ್ಕಿನ ಮೊದಲ ಸೂಚನಾ ಫಲಕ ಎಂದುಕೊಂಡು ಬರೆಯುವುದು ಒಳ್ಳೆಯದು.

ಇಂಥ ಭಾಷಣಕ್ಕೆ ಎರಡು ಕೆಲಸ: ದುಡಿದವರಿಗೆ ಧನ್ಯವಾದ ಹೇಳುವುದು, ಸಿಗುವ ಸೇವೆಗಳನ್ನು ವಿವರಿಸುವುದು. ಸಾಮಾನ್ಯವಾಗಿ ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಮೊದಲು ಹೆಸರುಗಳ ಉದ್ದ ಪಟ್ಟಿ, ಆಮೇಲೆ ಸೇವೆಗಳ ಉದ್ದ ಪಟ್ಟಿ. ಮೊದಲನೆಯದು ರೋಗಿಗಳಿಗೆ ಬೇಸರ ತರಿಸುತ್ತದೆ, ಎರಡನೆಯದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಇದಕ್ಕಿಂತ ಚೆನ್ನಾಗಿ ಕೂರುವ ದಾರಿ ಒಂದಿದೆ. ರೋಗಿಯೊಬ್ಬರು ಬಾಗಿಲಿನಿಂದ ಒಳಗೆ ಬಂದು, ಔಷಧಿ ಹಿಡಿದು ಹೊರಗೆ ಹೋಗುವವರೆಗೆ ನಡೆಯುವ ದಾರಿಯನ್ನೇ ಭಾಷಣದ ದಾರಿಯಾಗಿ ಮಾಡಿಕೊಳ್ಳುವುದು. ಪ್ರತಿ ನಿಲುಗಡೆಯಲ್ಲೂ ಅಲ್ಲಿ ಏನು ಸಿಗುತ್ತದೆ ಎಂದು ಹೇಳಿ, ಅಲ್ಲಿ ಕೆಲಸ ಮಾಡುವವರಿಗೆ ಅಲ್ಲೇ ಧನ್ಯವಾದ ಹೇಳುವುದು. ಕೇಳುವವರ ಕಣ್ಣ ಮುಂದೆ ಕ್ಲಿನಿಕ್ಕಿನ ನಕ್ಷೆ ಬರುತ್ತದೆ, ದುಡಿದವರ ಕೆಲಸವೂ ಅದರೊಳಗೆ ಕಾಣುತ್ತದೆ.

ಬರೆಯುವ ಮೊದಲು ಮೂವರ ಜೊತೆ ಕೂರಿ

ಪೆನ್ನು ಹಿಡಿಯುವ ಮೊದಲು ಡಾಕ್ಟರು, ಔಷಧಿ ಕೊಡುವವರು, ಹೆಸರು ಬರೆಯುವವರು, ಈ ಮೂವರ ಜೊತೆ ತಲಾ ಹದಿನೈದು ನಿಮಿಷ ಕೂರಬೇಕು. ಸಂಘಟಕರು "ಎಲ್ಲ ನನಗೆ ಗೊತ್ತಿದೆ" ಎಂದು ಈ ಹೆಜ್ಜೆಯನ್ನು ಬಿಟ್ಟಾಗಲೇ ಹೆಚ್ಚಿನ ಎಡವಟ್ಟು ಆಗುವುದು. ಸಂಘಟಕರ ತಲೆಯಲ್ಲಿ ಇರುವುದು ಆರು ತಿಂಗಳ ನಂತರದ ಕ್ಲಿನಿಕ್. ಜನಕ್ಕೆ ಬೇಕಿರುವುದು ನಾಳೆಯ ಕ್ಲಿನಿಕ್.

ಡಾಕ್ಟರನ್ನು ಎರಡು ವಿಷಯ ಕೇಳಿ: ಯಾವ ತೊಂದರೆಗೆ ಇಲ್ಲಿಗೆ ಬರಬಹುದು, ಯಾವುದಕ್ಕೆ ಬರಲೇಬಾರದು. ಔಷಧಿ ಕೊಡುವವರನ್ನು, ಯಾವ ಬಗೆಯ ಔಷಧಿ ಇದೆ, ಒಮ್ಮೆಗೆ ಎಷ್ಟು ದಿನಕ್ಕೆ ಕೊಡುತ್ತೀರಿ, ಬೇರೆ ಕಡೆ ಬರೆಸಿಕೊಂಡ ಚೀಟಿ ತಂದರೆ ಏನು ಮಾಡುತ್ತೀರಿ ಎಂದು ಕೇಳಿ. ಹೆಸರು ಬರೆಯುವವರನ್ನು, ದಿನಕ್ಕೆ ಎಷ್ಟು ಟೋಕನ್, ಕೊನೆಯ ಟೋಕನ್ ಎಷ್ಟು ಗಂಟೆಗೆ, ಗುರುತಿನ ಚೀಟಿ ಬೇಕೋ ಬೇಡವೋ ಎಂದು ಕೇಳಿ.

ಟೋಕನ್ ಲೆಕ್ಕವನ್ನು ಕಾಗದದ ಮೇಲೆ ಹಾಕಲೇಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಎರಡು ಕೋಣೆಯ ಕ್ಲಿನಿಕ್, ಒಬ್ಬರೇ ಡಾಕ್ಟರು, ಸೋಮವಾರ, ಬುಧವಾರ, ಶುಕ್ರವಾರ ಸಂಜೆ 5ರಿಂದ 8. ಮೂರು ಗಂಟೆ ಎಂದರೆ 180 ನಿಮಿಷ. ಒಬ್ಬರಿಗೆ 6 ನಿಮಿಷ ಎಂದರೂ ಒಂದು ಸಂಜೆಗೆ 30 ಜನರನ್ನಷ್ಟೇ ನೋಡಲು ಸಾಧ್ಯ. ಉದ್ಘಾಟನೆಗೆ 300 ಜನ ಸೇರಿದ್ದಾರೆ, ವೇದಿಕೆಯಿಂದ "ಎಲ್ಲರೂ ಬನ್ನಿ" ಎಂದು ಕರೆದಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಸಂಜೆಯೇ 100 ಜನ ಬಂದರೆ 70 ಮಂದಿ ಬರಿಗೈಯಲ್ಲಿ ವಾಪಸು ಹೋಗಬೇಕು. ಕೆಲಸ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬಂದು ಹಾಗೆ ವಾಪಸಾದವರು ಮತ್ತೊಮ್ಮೆ ಬರಲು ಹಿಂಜರಿಯುತ್ತಾರೆ. "ಒಂದು ಸಂಜೆಗೆ 30 ಟೋಕನ್" ಎಂಬ ನಾಲ್ಕು ಪದವನ್ನು ಹೇಳುವುದು ಸಮಾರಂಭದ ಉತ್ಸಾಹಕ್ಕೆ ಒಗ್ಗದ ಮಾತು ಎನಿಸಬಹುದು. ಆದರೂ ಹೇಳಿ.

ಆರಂಭ: ಅರ್ಧ ನಿಮಿಷ ಸಾಕು

ನಮಸ್ಕಾರ, ನೀವು ಯಾರು, ಈ ಕ್ಲಿನಿಕ್ ಯಾರಿಗೆ ಎಂಬಷ್ಟನ್ನು ಹೇಳಿ ನೇರವಾಗಿ ಬಾಗಿಲಿಗೆ ಕರೆದುಕೊಂಡು ಹೋಗಿ. ಆರೋಗ್ಯವೇ ಭಾಗ್ಯ ಎಂದು ಶುರು ಮಾಡಬೇಕಿಲ್ಲ, ಅದು ಕೂತವರಿಗೆಲ್ಲ ಗೊತ್ತು. ಗಣ್ಯರ ಹೆಸರುಗಳನ್ನು ಸ್ವಾಗತ ಭಾಷಣದವರು ಆಗಲೇ ಹೇಳಿರುತ್ತಾರೆ. ಇಂಥ ಭಾಷಣಕ್ಕೆ ಏಳು ನಿಮಿಷ ಇಟ್ಟುಕೊಳ್ಳಿ. ಆ ಹೆಸರುಗಳನ್ನು ನೀವು ಮತ್ತೆ ಹೇಳಿದರೆ ಅದರಲ್ಲಿ ಎರಡು ನಿಮಿಷ ಹೋಗುತ್ತದೆ.

ಹೀಗೆ ಶುರು ಮಾಡಬಹುದು:

"ಎಲ್ಲರಿಗೂ ನಮಸ್ಕಾರ. ಈ ಕ್ಲಿನಿಕ್ ಸೋಮವಾರದಿಂದ ಕೆಲಸ ಶುರು ಮಾಡುತ್ತದೆ. ಇಲ್ಲಿ ಯಾರು ಬೇಕಾದರೂ ತೋರಿಸಿಕೊಳ್ಳಬಹುದು, ಯಾವ ಕಾರ್ಡೂ ಬೇಕಿಲ್ಲ. ನೀವು ಸೋಮವಾರ ಸಂಜೆ ಇಲ್ಲಿಗೆ ಬಂದಿದ್ದೀರಿ ಅಂದುಕೊಳ್ಳಿ. ಬಾಗಿಲಿಂದ ಒಳಗೆ ಬಂದರೆ ಏನೇನಾಗುತ್ತದೆ ಎಂದು ಒಂದೊಂದಾಗಿ ಹೇಳುತ್ತೇನೆ."

"ಅಂದುಕೊಳ್ಳಿ" ಎಂದು ಹೇಳಿದ ಕೂಡಲೇ ಕೇಳುವವರು ರೋಗಿಯ ಜಾಗದಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ನೀವು ಹೇಳುವುದೆಲ್ಲ ಅವರಿಗೆ ಬೇಕಾದ ಮಾಹಿತಿಯೇ.

ಬಾಗಿಲಿನಿಂದ ಔಷಧಿಯವರೆಗೆ

ಬಾಗಿಲು ದಾಟುವ ಮೊದಲೇ ಒಂದು ಧನ್ಯವಾದ ಬಾಕಿ ಇರುತ್ತದೆ. ಗೋಡೆಗೆ ಬಣ್ಣ ಹೊಡೆದವರು, ವೈರಿಂಗ್ ಮಾಡಿದವರು, ಗಾಲಿಕುರ್ಚಿ ಹತ್ತುವಂತೆ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿದವರು, ಇವರ ಕೆಲಸ ಮುಗಿದು ಹೋಗಿದೆ. ಸೋಮವಾರದಿಂದ ಅವರು ಇಲ್ಲಿ ಕಾಣುವುದಿಲ್ಲ. ರೋಗಿಯ ದಾರಿಯಲ್ಲಿ ಸಿಗದ ಇವರನ್ನು ಮರೆಯುವುದು ಬಲು ಸುಲಭ. ಅದಕ್ಕಾಗಿ ಅವರಿಗೆ ಮೊದಲ ಜಾಗ ಕೊಡಿ. ಅವರ ಕೆಲಸವನ್ನು ಕೈಯಲ್ಲಿ ಮುಟ್ಟುವಂತೆ ಹೇಳಿ: "ಈ ಇಳಿಜಾರಿನ ಮೇಲೆ ಈಗಷ್ಟೇ ಅಜ್ಜಿಯೊಬ್ಬರ ಗಾಲಿಕುರ್ಚಿ ಸಲೀಸಾಗಿ ಹತ್ತಿ ಬಂತು. ಇದನ್ನು ಕಟ್ಟಿದವರು ಐದು ಜನ, ನಾಲ್ಕು ಭಾನುವಾರ. ಅವರಿಗೆ ನಮ್ಮ ವಂದನೆ." ಇಲ್ಲಿ ಐದು, ನಾಲ್ಕು ಎಂಬ ಅಂಕಿಗಳು ನಿಜವಾಗಿರಬೇಕು, ಅಜ್ಜಿ ನಿಜವಾಗಿಯೂ ಬಂದಿರಬೇಕು. ಇಲ್ಲದಿದ್ದರೆ ಆ ಸಾಲನ್ನು ಬಿಟ್ಟುಬಿಡಿ. "ಹಗಲಿರುಳು ದುಡಿದರು" ಎಂದರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. "ನಾಲ್ಕು ಭಾನುವಾರ" ಎಂದರೆ, ಅಷ್ಟು ಭಾನುವಾರ ಮನೆಯವರು ಅವರನ್ನು ಬಿಟ್ಟುಕೊಟ್ಟದ್ದೂ ಕಾಣುತ್ತದೆ.

ಮೊದಲ ನಿಲುಗಡೆ ಹೆಸರು ಬರೆಸುವ ಮೇಜು. ಇಲ್ಲಿ ದಿನ, ಹೊತ್ತು, ಟೋಕನ್ ಲೆಕ್ಕ ಮತ್ತು ಏನು ತರಬೇಕು ಎಂಬುದು ಬರಬೇಕು. ಅಂಕಿಗಳನ್ನು ಎರಡು ಸಲ ಹೇಳಿ. ಮೊದಲ ಸಲ ಜನ ಕಿವಿಗೊಡುತ್ತಾರೆ, ನೆನಪಿಗೆ ಹೋಗುವುದು ಎರಡನೆಯ ಸಲ.

"ಬಾಗಿಲ ಎಡಗಡೆಗೆ ಮೇಜು. ಸಂಜೆ ನಾಲ್ಕೂವರೆಗೆ ಟೋಕನ್ ಕೊಡಲು ಶುರು. ಒಂದು ಸಂಜೆಗೆ ಮೂವತ್ತು ಟೋಕನ್. ಮೂವತ್ತೇ, ಯಾಕೆಂದರೆ ಡಾಕ್ಟರು ಒಬ್ಬೊಬ್ಬರನ್ನೂ ಸಮಾಧಾನವಾಗಿ ನೋಡಬೇಕು. ಅವತ್ತಿನ ಟೋಕನ್ ಮುಗಿದಿದ್ದರೆ ಮುಂದೆ ಕ್ಲಿನಿಕ್ ಇರುವ ದಿನದ ಟೋಕನ್ ಕೈಗೆ ಕೊಟ್ಟೇ ಕಳಿಸುತ್ತಾರೆ. ಬರುವಾಗ ಹಳೆಯ ಚೀಟಿ, ರಿಪೋರ್ಟು ಏನಿದ್ದರೂ ತನ್ನಿ. ಈಗ ನುಂಗುತ್ತಿರುವ ಮಾತ್ರೆಗಳನ್ನು ಅದರ ಹಾಳೆಯ ಸಮೇತ ತನ್ನಿ."

ಈ ಮಾತ್ರೆ ಹಾಳೆಯ ಮಾತಿಗೆ ಭಾಷಣದಲ್ಲಿ ಇಪ್ಪತ್ತು ಸೆಕೆಂಡು ಕೊಡುವುದು ಸಾರ್ಥಕ. ಮಾತ್ರೆಗಳನ್ನು ಬಿಡಿಸಿ ಡಬ್ಬಿಯಲ್ಲಿ ಹಾಕಿ ತಂದರೆ, ಸಣ್ಣ ಬಿಳಿ ಗುಂಡು ಮಾತ್ರೆ ಬಿ.ಪಿ.ಯದೋ ಥೈರಾಯಿಡಿನದೋ ಎಂದು ನೋಡಿ ಹೇಳಲಾಗದು. ಹೆಸರು, ಪ್ರಮಾಣ, ಅವಧಿ ಮೂರೂ ಅಚ್ಚಾಗಿರುವುದು ಹಾಳೆಯ ಹಿಂಬದಿಯಲ್ಲಿ, ಅದೂ ಕೆಲವೊಮ್ಮೆ ಒಂದೇ ತುದಿಯಲ್ಲಿ. ಕತ್ತರಿಸುವಾಗ ಆ ತುದಿ ಹೋದರೆ ಉಳಿದದ್ದು ಗುರುತಿಲ್ಲದ ಮಾತ್ರೆ. ಖಾಲಿ ಹಾಳೆಯಾದರೂ ಸರಿ, ತಂದರೆ ಕೆಲಸಕ್ಕೆ ಬರುತ್ತದೆ. ಭಾಷಣ ಮಾಡುವಾಗ ಒಂದು ಖಾಲಿ ಹಾಳೆಯನ್ನು ಕೈಯಲ್ಲಿ ಎತ್ತಿ ತೋರಿಸಿದರೆ ಕೊನೆಯ ಸಾಲಿನಲ್ಲಿ ಕೂತವರಿಗೂ ವಿಷಯ ಮುಟ್ಟುತ್ತದೆ.

ಎರಡನೆಯ ನಿಲುಗಡೆಯಲ್ಲಿ ನರ್ಸ್ ಬಿ.ಪಿ., ತೂಕ, ಬೇಕಾದವರಿಗೆ ಶುಗರ್ ನೋಡುತ್ತಾರೆ. ಇಲ್ಲಿ ಹೇಳಬೇಕಾದದ್ದು ಕಡಿಮೆ, ಆದರೆ ನಿಖರವಾಗಿರಬೇಕು. ಬಿ.ಪಿ. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಅದಕ್ಕೂ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಬೀಡಿ, ಸಿಗರೇಟು ಬೇಡ, ಅವುಗಳಿಂದ ಅಂಕಿ ಏರುತ್ತದೆ. ಬಿ.ಪಿ. ಮಾತ್ರೆ ನುಂಗುವವರು "ಇವತ್ತು ಪರೀಕ್ಷೆ ಇದೆ" ಎಂದು ತಾವಾಗಿಯೇ ಮಾತ್ರೆ ಬಿಡಬಾರದು. ಶುಗರ್ ವಿಷಯದಲ್ಲಿ ಗೊಂದಲ ಹೆಚ್ಚು. ಸಂಜೆ ಬೆರಳು ಚುಚ್ಚಿ ನೋಡುವುದು ಆ ಹೊತ್ತಿನ ಅಂಕಿಯನ್ನು ಮಾತ್ರ. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ಬರಿ ನೀರು ಕುಡಿಯಬಹುದು. ಆ ಸೇವೆ ಬೇರೆ ದಿನ ಬೆಳಗ್ಗೆ ಇದ್ದರೆ ದಿನವನ್ನೂ ಹೊತ್ತನ್ನೂ ಹೇಳಿ, ಇಲ್ಲದಿದ್ದರೆ ಇಲ್ಲ ಎನ್ನಿ. "ಶುಗರ್ ಪರೀಕ್ಷೆ ಇದೆ" ಎಂದಷ್ಟೇ ಹೇಳಿದರೆ, ಹಿರಿಯರೊಬ್ಬರು ಶುಗರ್ ಮಾತ್ರೆ ನುಂಗಿ, ಬೆಳಗ್ಗೆಯಿಂದ ಉಪವಾಸವಿದ್ದು ಸಂಜೆ ಐದಕ್ಕೆ ಬರುವ ಅಪಾಯವಿದೆ. ಅಷ್ಟರಲ್ಲಿ ಅವರ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಹಾಗಾಗಿ ಇಷ್ಟನ್ನು ಸೇರಿಸಿ: "ಸಂಜೆಯ ಕ್ಲಿನಿಕ್ಕಿಗೆ ಊಟ ಮಾಡಿಕೊಂಡೇ ಬನ್ನಿ." ಔಷಧಿ, ಪರೀಕ್ಷೆಯ ಬಗ್ಗೆ ಬರೆದ ಪ್ರತಿ ವಾಕ್ಯವನ್ನೂ ಡಾಕ್ಟರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೇ ಭಾಷಣಕ್ಕೆ ಸೇರಿಸಿ.

ಮೂರನೆಯದು ಡಾಕ್ಟರ ಕೋಣೆ. ಸೇವೆಗಳನ್ನು ಇಲಾಖೆಯ ಹೆಸರಿನಿಂದ ಹೇಳದೆ ತೊಂದರೆಯ ಹೆಸರಿನಿಂದ ಹೇಳಿ. "ಅಸಾಂಕ್ರಾಮಿಕ ರೋಗಗಳ ತಪಾಸಣೆ" ಎಂದರೆ ಯಾರೂ ತಮ್ಮದು ಎಂದುಕೊಳ್ಳುವುದಿಲ್ಲ. "ಜ್ವರ, ಕೆಮ್ಮು, ಹೊಟ್ಟೆ ಕೆಟ್ಟದ್ದು, ಚರ್ಮದ ತುರಿಕೆ, ಮಂಡಿ ನೋವು, ಬಿ.ಪಿ., ಶುಗರ್, ಸಣ್ಣ ಗಾಯಕ್ಕೆ ಡ್ರೆಸಿಂಗ್" ಎಂದರೆ ಕೂತವರಲ್ಲಿ ಅರ್ಧ ಜನ ತಲೆಯೆತ್ತುತ್ತಾರೆ. ಜೊತೆಗೆ, ಒಳಗೆ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಕೊಡಿ. ಒಂದೇ ಬಡಾವಣೆಯವರು ಸ್ವಯಂಸೇವಕರಾಗಿರುವಲ್ಲಿ ಈ ಅನುಮಾನ ಇದ್ದೇ ಇರುತ್ತದೆ. ಪಕ್ಕದ ಮನೆಯವರೇ ಹೆಸರು ಬರೆಯುತ್ತಿದ್ದರೆ ಕೆಲವು ಕಾಯಿಲೆ ಹೇಳಿಕೊಳ್ಳಲು ಯಾರಿಗಾದರೂ ಸಂಕೋಚ. "ಮೇಜಿನಲ್ಲಿ ಹೆಸರು, ವಯಸ್ಸು ಮಾತ್ರ ಕೇಳುತ್ತಾರೆ. ಏನು ತೊಂದರೆ ಎಂದು ಅಲ್ಲಿ ಹೇಳಬೇಕಿಲ್ಲ, ಅದನ್ನು ನರ್ಸಿಗೆ, ಡಾಕ್ಟರಿಗೆ ಮಾತ್ರ ಹೇಳಿ" ಎಂಬ ಮಾತು ಆ ಸಂಕೋಚವನ್ನು ಇಳಿಸುತ್ತದೆ. ಹೇಳುವ ಮೊದಲು ಮೇಜಿನವರ ಪುಸ್ತಕದಲ್ಲಿ "ಕಾಯಿಲೆ" ಎಂಬ ಅಂಕಣ ಇಲ್ಲದಂತೆ ನೋಡಿಕೊಳ್ಳಿ.

ಕೊನೆಯ ನಿಲುಗಡೆ ಔಷಧಿ ಕೊಡುವ ಕಿಟಕಿ. ಜಗಳ ಹುಟ್ಟುವ ಜಾಗ ಇದೇ, ಅದಕ್ಕೇ ಇಲ್ಲಿ ಮಾತು ತೂಗಿ ಆಡಬೇಕು. "ಔಷಧಿ ಉಚಿತ" ಎಂಬ ಎರಡು ಪದ ಕೇಳಿದವರು ಬೇರೆ ಕಡೆ ಬರೆಸಿದ ಚೀಟಿಗಳನ್ನೆಲ್ಲ ತಂದು ಕಿಟಕಿಯಲ್ಲಿ ಕೊಡುತ್ತಾರೆ.

"ಡಾಕ್ಟರು ಇಲ್ಲಿ ನೋಡಿ ಬರೆದ ಔಷಧಿ ನಮ್ಮ ಕಪಾಟಿನಲ್ಲಿದ್ದರೆ ಉಚಿತವಾಗಿ ಸಿಗುತ್ತದೆ. ಇಲ್ಲದಿದ್ದರೆ ಚೀಟಿ ಕೊಡುತ್ತಾರೆ, ಅದನ್ನು ಹೊರಗೆ ಕೊಳ್ಳಬೇಕಾಗುತ್ತದೆ. ಬಿ.ಪಿ., ಶುಗರ್ ಮಾತ್ರೆ ಒಮ್ಮೆಗೆ ಹದಿನೈದು ದಿನಕ್ಕೆ. ಬೇರೆ ಕಡೆಯ ಚೀಟಿಗೆ ಇಲ್ಲಿ ಔಷಧಿ ಕೊಡುವುದಿಲ್ಲ, ಆದರೆ ಆ ಚೀಟಿ ಹಿಡಿದು ಡಾಕ್ಟರನ್ನು ನೋಡಬಹುದು. ಈ ಕಪಾಟಿನ ಪ್ರತಿ ಹಾಳೆಯ ಅವಧಿ ನೋಡಿ, ಮೊದಲು ಮುಗಿಯುವುದು ಮುಂದೆ ಬರುವಂತೆ ಜೋಡಿಸಿದವರು ಇಬ್ಬರು ನಿವೃತ್ತ ಫಾರ್ಮಸಿಸ್ಟರು. ಅವಧಿ ಮೀರಿದ ಒಂದು ಮಾತ್ರೆಯೂ ನಿಮ್ಮ ಕೈಗೆ ಬರದಿರಲಿ ಎಂದು ಅವರು ಮೂರು ದಿನ ಕೂತು ಈ ಕೆಲಸ ಮಾಡಿದ್ದಾರೆ. ಅವರಿಗೆ ನಮ್ಮೆಲ್ಲರ ಕೃತಜ್ಞತೆ."

ಇಲ್ಲಿ ಧನ್ಯವಾದವೇ ಸೇವೆಯ ವಿವರಣೆಯಾಗಿದೆ. ದಾನವಾಗಿ ಬಂದ ಔಷಧಿ ಎಂದಾಗ ಜನರ ಮನಸ್ಸಿನಲ್ಲಿ ಮೂಡುವ "ಹಳೆಯದನ್ನು ಕೊಡುತ್ತಾರೇನೋ" ಎಂಬ ಅನುಮಾನಕ್ಕೆ, ಅದನ್ನು ಬಾಯಲ್ಲಿ ಎತ್ತದೆಯೇ ಉತ್ತರ ಸಿಕ್ಕಿತು.

ಇಲ್ಲಿ ಆಗದ್ದನ್ನು ಹೇಳುವ ಬಗೆ

ಭಾಷಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ನಿಮಿಷ ಇದು. ಸಂಭ್ರಮದ ದಿನ "ಇಲ್ಲ" ಎನ್ನಲು ಬಾಯಿ ಬರುವುದಿಲ್ಲ ಎಂದು ಬಹಳಷ್ಟು ಜನ ಇದನ್ನು ಬಿಡುತ್ತಾರೆ. ಆದರೆ ಎದೆ ನೋವಿನಲ್ಲಿ ಒದ್ದಾಡುವವರನ್ನು ಹತ್ತಿರದ ಕ್ಲಿನಿಕ್ ಎಂದು ಇಲ್ಲಿಗೆ ಕರೆತಂದರೆ, ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಅಮೂಲ್ಯವಾದ ಹೊತ್ತು ಹೋಗಿರುತ್ತದೆ. ಪಾರ್ಶ್ವವಾಯುವಿಗೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ತಲೆಯ ಸ್ಕ್ಯಾನ್ ಆದ ಮೇಲೆ. ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಅದು ಸಾಧ್ಯವಿಲ್ಲ.

"ಕೆಲವು ತೊಂದರೆಗೆ ದಯವಿಟ್ಟು ಇಲ್ಲಿಗೆ ಬರಬೇಡಿ, ನೇರ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಎದೆ ನೋವು, ಉಸಿರಾಟದ ತೊಂದರೆ. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು. ಹಾವು ಕಚ್ಚಿದ್ದು, ವಿಷ ಕುಡಿದದ್ದು, ನಿಲ್ಲದ ರಕ್ತ, ಗರ್ಭಿಣಿಯರಿಗೆ ರಕ್ತಸ್ರಾವ. ಇಲ್ಲಿಗೆ ಬಂದರೆ ನಿಮ್ಮ ಹೊತ್ತು ಹಾಳಾಗುತ್ತದೆ, ನೇರ ಅಲ್ಲಿಗೆ ಹೋದರೆ ಜೀವ ಉಳಿಯುತ್ತದೆ."

ಕೊನೆಯ ವಾಕ್ಯದಲ್ಲಿ ಒಂದು ತಪ್ಪಿದೆ, ಗಮನಿಸಿ. "ಜೀವ ಉಳಿಯುತ್ತದೆ" ಎಂದು ಯಾರೂ ಮಾತು ಕೊಡಲಾಗದು. "ಜೀವ ಉಳಿಸಲು ಬೇಕಾದ ಹೊತ್ತು ಸಿಗುತ್ತದೆ" ಎಂದು ತಿದ್ದಬೇಕು. ಭಾಷಣದ ಕಾವಿನಲ್ಲಿ ಇಂಥ ಮಾತು ಸಲೀಸಾಗಿ ನುಸುಳುತ್ತದೆ. "ಗುಣಪಡಿಸುತ್ತೇವೆ", "ಯಾರನ್ನೂ ವಾಪಸು ಕಳಿಸುವುದಿಲ್ಲ", "ಎಂದೆಂದಿಗೂ ಉಚಿತ" ಎಂಬ ಮೂರನ್ನು ಹುಡುಕಿ ತೆಗೆಯಿರಿ. ಎಕ್ಸ್‌ರೇ, ಸ್ಕ್ಯಾನಿಂಗ್, ಹೆರಿಗೆ, ಹಲ್ಲಿನ ಚಿಕಿತ್ಸೆ ಇಲ್ಲದಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು, ಅದಕ್ಕೆ ಕ್ಷಮೆ ಕೇಳುತ್ತಾ ಕೂರಬೇಕಿಲ್ಲ.

ಹೆಸರುಗಳ ವಿಷಯ

24 ಜನ ಸ್ವಯಂಸೇವಕರಿದ್ದರೆ 24 ಹೆಸರು ಓದಬೇಕೇ? ನಮ್ಮ ಅಭಿಪ್ರಾಯದಲ್ಲಿ ಬೇಡ. ಹತ್ತು ಹೆಸರು ಓದಿ ಹದಿನಾಲ್ಕು ಬಿಡುವುದು ಅದಕ್ಕಿಂತ ಕೆಟ್ಟದ್ದು. ಒಂದೋ ಎಲ್ಲರ ಹೆಸರು, ಇಲ್ಲವೇ ಯಾರ ಹೆಸರೂ ಬೇಡ, ಕೆಲಸದ ಹೆಸರು ಮಾತ್ರ. ಎರಡನೆಯದನ್ನು ಆರಿಸಿಕೊಂಡರೆ, ಪ್ರತಿ ನಿಲುಗಡೆಯಲ್ಲಿ ಆ ಕೆಲಸದವರು ಕೂತಲ್ಲಿಂದಲೇ ಎದ್ದು ನಿಲ್ಲುವಂತೆ ಮೊದಲೇ ಹೇಳಿಡಿ. ಜನರಿಗೆ ಮುಖ ಪರಿಚಯವಾಗುತ್ತದೆ, ಸೋಮವಾರ ಬಂದಾಗ ಗುರುತು ಸಿಗುತ್ತದೆ. ಎಲ್ಲರ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ ಬಾಗಿಲ ಬಳಿ ಹಾಕಿ, ಹಾಕುವ ಮೊದಲು ಒಬ್ಬೊಬ್ಬರನ್ನೂ ಒಪ್ಪಿಗೆ ಕೇಳಿ. ಹೆಸರು ಬೇಡ ಎನ್ನುವವರು ಇರುತ್ತಾರೆ, ಅದನ್ನು ಗೌರವಿಸಬೇಕು.

ದುಡ್ಡು ಕೊಟ್ಟವರನ್ನೂ ದುಡಿದವರನ್ನೂ ಒಂದೇ ಉಸಿರಿನಲ್ಲಿ ಸೇರಿಸಬೇಡಿ. ದಾನಿಗಳ ಮಾತು ಸ್ವಯಂಸೇವಕರ ಮಾತನ್ನು ನುಂಗಿಬಿಡುತ್ತದೆ. ದಾನಿಗಳಿಗೆ ವಂದನಾರ್ಪಣೆಯಲ್ಲಿ ಪ್ರತ್ಯೇಕ ಜಾಗ ಇರಲಿ. ರೋಗಿಗಳ ಕಥೆಯಂತೂ ಬೇಡವೇ ಬೇಡ. ಹೆಸರು ಹೇಳದಿದ್ದರೂ "ಕೊನೆಯ ಬೀದಿಯ ತರಕಾರಿ ಮಾರುವ ಅಮ್ಮ" ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ, ಗೌಪ್ಯತೆಯ ಬಗ್ಗೆ ಆಗಷ್ಟೇ ಕೊಟ್ಟ ಭರವಸೆ ಅಲ್ಲೇ ಮುರಿಯುತ್ತದೆ.

ಅಳತೆ, ಅಭ್ಯಾಸ, ಕತ್ತರಿ

ವೇದಿಕೆಯ ಮೇಲೆ ನಿಧಾನವಾಗಿ, ಕೇಳಿಸುವಂತೆ ಕನ್ನಡ ಮಾತಾಡಿದರೆ ನಿಮಿಷಕ್ಕೆ ಸುಮಾರು 80 ಪದ ಆಗುತ್ತದೆ. ಏಳು ನಿಮಿಷಕ್ಕೆ 550 ಪದ ಎಂದುಕೊಂಡು ಬರೆಯಿರಿ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ನಿಂತು, ಜೋರಾಗಿ ಓದಿ. ಮನಸ್ಸಿನಲ್ಲಿ ಓದಿಕೊಂಡರೆ ಐದು ನಿಮಿಷದಲ್ಲಿ ಮುಗಿದಂತೆ ಅನಿಸುತ್ತದೆ, ಆ ಲೆಕ್ಕ ನಂಬಬೇಡಿ. ಅಕ್ಷರ ದೊಡ್ಡದಿರಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಹಾಳೆಗೆ ಅಂಕಿ ಹಾಕಿ. ವಾಕ್ಯ ಹಾಳೆಯ ಕೊನೆಯಲ್ಲಿ ತುಂಡಾಗಿ ಮುಂದಿನದಕ್ಕೆ ಹೋಗದಂತೆ ನೋಡಿಕೊಂಡರೆ, ಪುಟ ತಿರುಗಿಸುವಾಗ ತಡವರಿಸುವುದು ತಪ್ಪುತ್ತದೆ.

ಅತಿಥಿಗಳು ತಡವಾಗಿ ಬಂದು, ನಿಮ್ಮ ಏಳು ನಿಮಿಷ ಮೂರಾಗುವುದು ಇಂಥ ಸಭೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಆಗ ನಿಂತಲ್ಲೇ ಯೋಚಿಸಿ ಕತ್ತರಿಸಲು ಹೋದರೆ ಮೊದಲು ಬಿದ್ದು ಹೋಗುವುದು ಕೊನೆಯಲ್ಲಿರುವ ತುರ್ತು ಲಕ್ಷಣಗಳ ಮಾತೇ. ಹಿಂದಿನ ದಿನವೇ ಬಣ್ಣದ ಪೆನ್ನಿನಲ್ಲಿ ಗೀಟು ಹಾಕಿಡಿ: ದಿನ ಮತ್ತು ಹೊತ್ತು, ಟೋಕನ್, ಮಾತ್ರೆ ಹಾಳೆ, "ಊಟ ಮಾಡಿಕೊಂಡೇ ಬನ್ನಿ" ಎಂಬ ಮಾತು, ಔಷಧಿಯ ನಿಯಮ, ಇಲ್ಲಿಗೆ ಬರಬಾರದ ತೊಂದರೆಗಳು, ಸ್ವಯಂಸೇವಕರನ್ನು ಒಟ್ಟಿಗೆ ಎದ್ದು ನಿಲ್ಲಿಸುವ ಒಂದು ವಾಕ್ಯ. ಗೀಟಿಲ್ಲದ್ದೆಲ್ಲ ಬಿಡಬಹುದು.

ಸಭೆ ಮುಗಿದು ಜನ ಏಳುವಾಗ ಈ ಗೀಟು ಹಾಕಿದ ಭಾಗವನ್ನೇ ಒಂದು ಚಿಕ್ಕ ಕಾಗದದಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲಿ ಹಂಚಿ. ಕಾಗದದ ಅಂಕಿಯೂ ಭಾಷಣದ ಅಂಕಿಯೂ ಒಂದೇ ಆಗಿರಬೇಕು. ಕೊನೆಯ ಗಳಿಗೆಯಲ್ಲಿ ಹೊತ್ತು ಬದಲಾದರೆ ಎರಡನ್ನೂ ತಿದ್ದಿ, ಹೆಸರು ಬರೆಯುವ ಮೇಜಿನವರಿಗೂ ಒಂದು ಪ್ರತಿ ಕೊಡಿ. ಮೊದಲ ವಾರ ಆ ಮೇಜಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟು, "ಅವತ್ತು ಹೇಳಿದ್ರಲ್ಲ" ಎಂದು ಶುರುವಾಗುವ ಪ್ರಶ್ನೆಗಳನ್ನು ಬಂದ ಹಾಗೇ ಬರೆದುಕೊಳ್ಳಲು ಹೇಳಿ. ಒಂದೇ ಪ್ರಶ್ನೆ ಮೂರು ಸಲಕ್ಕಿಂತ ಹೆಚ್ಚು ಬಂದಿದ್ದರೆ, ಅದರ ಉತ್ತರವನ್ನು ಬಾಗಿಲ ಬಳಿಯ ಸೂಚನಾ ಫಲಕದ ಮೊದಲ ಸಾಲಿಗೆ ತನ್ನಿ.